ಐಸಿಯು ಡ್ಯೂಟಿ ಚಾರ್ಟ್: ನೈಟ್ ಒಟ್ಟಿಗೇ ಹಾಕುವುದೋ, ಎರಡೆರಡು ಹಂಚುವುದೋ, ಹನ್ನೆರಡು ಗಂಟೆಯ ಶಿಫ್ಟೋ?

ಐಸಿಯುವಿನಲ್ಲಿ ಡ್ಯೂಟಿ ಚಾರ್ಟ್ ಬರೆಯುವ ಹೊಣೆ ಹೊಸದಾಗಿ ಹೆಗಲಿಗೆ ಬಿದ್ದವರು ನನ್ನನ್ನು ಕೇಳುವುದು ಸಾಮಾನ್ಯವಾಗಿ ಒಂದೇ ಪ್ರಶ್ನೆ. ಒಂದು ವಾರ ನೈಟ್ ಒಟ್ಟಿಗೇ ಹಾಕಿ ಮುಗಿಸಿಬಿಡುವುದು ಒಳ್ಳೆಯದೋ, ಎರಡೆರಡಾಗಿ ಹಂಚುವುದೋ, ಇಲ್ಲವೇ ಹನ್ನೆರಡು ಗಂಟೆಯ ಶಿಫ್ಟ್‌ಗೆ ಹೋಗುವುದೋ? ಇವುಗಳಲ್ಲಿ ಯಾವುದೋ ಒಂದರಲ್ಲಿ ನೈಟ್‌ಗಳು ಕಡಿಮೆಯಾಗಬಹುದು ಎಂಬ ಆಸೆ ಆ ಪ್ರಶ್ನೆಯ ಹಿಂದೆ ಇರುತ್ತದೆ. ಹಾಗಾಗಿ ಆಯ್ಕೆಗಳಿಗೆ ಹೋಗುವ ಮೊದಲು ಒಂದು ಲೆಕ್ಕ ಮಾಡೋಣ. ಮುಂದಿನ ಮಾತೆಲ್ಲ ಇದರ ಮೇಲೆಯೇ ನಿಂತಿದೆ.

ಹತ್ತು ಹಾಸಿಗೆಯ ಐಸಿಯು ಎಂದುಕೊಳ್ಳಿ. ನಾಲ್ಕು ರೋಗಿಗಳು ವೆಂಟಿಲೇಟರ್ ಮೇಲಿದ್ದಾರೆ, ಅವರಿಗೆ ತಲಾ ಒಬ್ಬ ನರ್ಸ್. ಉಳಿದ ಆರು ಮಂದಿಗೆ ಇಬ್ಬರಿಗೊಬ್ಬರಂತೆ ಮೂವರು. ಇವರಲ್ಲದೆ ಯಾವ ರೋಗಿಯನ್ನೂ ತನ್ನ ಹೆಸರಿಗೆ ತೆಗೆದುಕೊಳ್ಳದ ಒಬ್ಬ ಇನ್‌ಚಾರ್ಜ್. ಒಟ್ಟು ಎಂಟು ಜನ, ಹಗಲಿರುಳು, ವಾರದ ಏಳು ದಿನವೂ ಬೇಕು. ಅಂದರೆ ವಾರಕ್ಕೆ 1,344 ಗಂಟೆ. ಒಬ್ಬರು ವಾರಕ್ಕೆ 42 ಗಂಟೆ ದುಡಿದರೆ 32 ಜನ ಸಾಕು, ಯಾರೂ ಎಂದೂ ರಜೆ ಹಾಕದಿದ್ದರೆ ಮಾತ್ರ. ವರ್ಷಕ್ಕೆ ಐದು ವಾರ ವಾರ್ಷಿಕ ರಜೆ, ಕಾಯಿಲೆಗೆ ಎರಡು ವಾರ, ತರಬೇತಿ ಮತ್ತಿತರ ಕಾರಣಗಳಿಗೆ ಇನ್ನೆರಡು ವಾರ ಎಂದು ಹಿಡಿಯಿರಿ. ಆಗ 52 ವಾರಗಳಲ್ಲಿ ಒಬ್ಬರು ಕೈಗೆ ಸಿಗುವುದು 43 ವಾರ. 32ನ್ನು 52ರಿಂದ ಗುಣಿಸಿ 43ರಿಂದ ಭಾಗಿಸಿದರೆ 39 ಬರುತ್ತದೆ. ಬೇಕಾದ ಹುದ್ದೆಗಳು ಇಷ್ಟು.

ಈಗ ರಾತ್ರಿಗಳನ್ನು ಎಣಿಸಿ. ದಿನಕ್ಕೆ ಎಂಟು ಜನರಂತೆ ವರ್ಷಕ್ಕೆ 2,920 ನೈಟ್. 39 ಜನಕ್ಕೆ ಹಂಚಿದರೆ ತಲಾ 75. ಎಂಟು ಗಂಟೆಯ ಶಿಫ್ಟ್ ಇರಲಿ, ಹನ್ನೆರಡು ಗಂಟೆಯದಿರಲಿ, ಈ 75 ಬದಲಾಗುವುದಿಲ್ಲ. ನಿಮ್ಮ ಕೈಯಲ್ಲಿರುವುದು ಆ 75 ರಾತ್ರಿಗಳನ್ನು ಹೇಗೆ ಜೋಡಿಸುವುದು, ಒಂದೊಂದು ರಾತ್ರಿ ಎಷ್ಟು ಗಂಟೆಯದು ಮತ್ತು ಆ ರಾತ್ರಿ ಪಕ್ಕದಲ್ಲಿ ಯಾರಿರುತ್ತಾರೆ ಎಂಬುದು. ನಾನು ಈ ಮೂರನೆಯದಕ್ಕೇ ಹೆಚ್ಚು ತೂಕ ಕೊಡುತ್ತೇನೆ. ಯಾಕೆಂದು ಮುಂದೆ ಹೇಳುತ್ತೇನೆ.

ಯಾವ ಅಳತೆಗೋಲು

ಮೊದಲನೆಯದು, ಸತತ ನೈಟ್ ಎಷ್ಟು ಮತ್ತು ಅದರ ನಂತರ ಬಿಡುವು ಎಷ್ಟು. ಸೈಮನ್ ಫೋಕಾರ್ಡ್ ಮತ್ತು ಫಿಲಿಪ್ ಟಕರ್ 2003ರಲ್ಲಿ ಹಲವು ಅಧ್ಯಯನಗಳ ಅಂಕಿಗಳನ್ನು ಒಟ್ಟುಗೂಡಿಸಿ ನೋಡಿದರು. ಮೊದಲ ರಾತ್ರಿಗೆ ಹೋಲಿಸಿದರೆ ಅವಘಡದ ಅಪಾಯ ಎರಡನೆಯ ರಾತ್ರಿ ಸುಮಾರು 6%, ಮೂರನೆಯ ರಾತ್ರಿ 17%, ನಾಲ್ಕನೆಯ ರಾತ್ರಿ 36% ಹೆಚ್ಚಿತ್ತು. ಆ ಅಂಕಿಗಳು ಮುಖ್ಯವಾಗಿ ಕಾರ್ಖಾನೆಯಂಥ ಕಡೆಗಳವು, ಐಸಿಯುವಿನವಲ್ಲ. ಆದರೂ ಏರುವ ದಿಕ್ಕು ಸ್ಪಷ್ಟವಾಗಿದೆ. ಹಗಲಿನ ನಿದ್ದೆ ಚಿಕ್ಕದು, ಕೊರತೆ ದಿನದಿಂದ ದಿನಕ್ಕೆ ಸೇರುತ್ತಾ ಹೋಗುತ್ತದೆ. ಬಿಡುವಿನ ವಿಷಯದಲ್ಲಿ ಐರೋಪ್ಯ ಒಕ್ಕೂಟದ 2003ರ ಕೆಲಸದ ವೇಳೆಯ ನಿರ್ದೇಶನ ದಿನಕ್ಕೆ 11 ಗಂಟೆಯ ಸತತ ವಿಶ್ರಾಂತಿ ಕೇಳುತ್ತದೆ. ನಿಮ್ಮಲ್ಲಿ ಆ ನಿಯಮ ಇರಲಿ ಬಿಡಲಿ, ಆ 11 ಗಂಟೆಯನ್ನು ಗೆರೆಯಾಗಿ ಇಟ್ಟುಕೊಳ್ಳಿ. ಮಧ್ಯಾಹ್ನದ ಡ್ಯೂಟಿ ಮುಗಿಸಿ ರಾತ್ರಿ 11ಕ್ಕೆ ಹೊರಟವರು ಮರುದಿನ ಬೆಳಗ್ಗೆ 7ಕ್ಕೆ ಬರಬೇಕೆಂದರೆ ಬಿಡುವು ಬರೀ ಎಂಟು ಗಂಟೆ. ದಾರಿ, ಊಟ, ಸ್ನಾನ ಕಳೆದರೆ ನಿದ್ದೆಗೆ ಐದು ಉಳಿದರೆ ಹೆಚ್ಚು.

ಎರಡನೆಯದು, ಯಾವ ಶಿಫ್ಟ್‌ನಲ್ಲೂ ಕೌಶಲ ಒಂದು ಮಟ್ಟಕ್ಕಿಂತ ಕೆಳಗಿಳಿಯಬಾರದು. ಮೂರನೆಯದು, ರಜೆ ಕಾಡಿ ಬೇಡಿ ಪಡೆಯುವಂಥದ್ದಾಗಿರಬಾರದು, ಚಾರ್ಟ್‌ನಲ್ಲೇ ಅದಕ್ಕೆ ಜಾಗವಿರಬೇಕು. ಖರ್ಚನ್ನು ಬೇರೆ ಅಳತೆಗೋಲಾಗಿ ಇಡಬೇಕಾಗಿಲ್ಲ. ಐಸಿಯುವಿನಲ್ಲಿ ಖರ್ಚೆಂದರೆ ಬಹುಮಟ್ಟಿಗೆ ಹುದ್ದೆಗಳು, ಆ ಲೆಕ್ಕ ಆಗಲೇ ಮಾಡಿದ್ದೇವೆ.

ಏಳು ನೈಟ್ ಒಟ್ಟಿಗೇ

ಎಂಟು ಗಂಟೆಯ ಮೂರು ಶಿಫ್ಟ್, ನೈಟ್ ಬಂದಾಗ ವಾರಪೂರ್ತಿ ನೈಟ್, ಆಮೇಲೆ ಎರಡೋ ಮೂರೋ ದಿನ ಆಫ್. ವರ್ಷಕ್ಕೆ ಇಂಥ ವಾರಗಳು ಹತ್ತು ಹನ್ನೊಂದು. ಬರೆಯಲು ಸುಲಭ, ನೆನಪಿಡಲು ಸುಲಭ. ‘ಒಂದೇ ಸಲ ಮುಗಿದುಹೋಗಲಿ’ ಎನ್ನುವವರಿಗೆ ಇಷ್ಟವೂ ಹೌದು, ಉಳಿದ ವಾರಗಳಲ್ಲಿ ಮನೆಯವರ ಜೊತೆ ಹೊಂದಿಕೊಳ್ಳಬಹುದು ಎಂಬ ಕಾರಣಕ್ಕೆ. ಅವರ ಕಾರಣವನ್ನು ನಾನು ಹಗುರವಾಗಿ ನೋಡುವುದಿಲ್ಲ.

ಆದರೆ ಅಪಾಯ ನಾಲ್ಕನೆಯ ರಾತ್ರಿಗೇ ಮೂರನೇ ಒಂದರಷ್ಟು ಏರಿದೆಯೆಂದರೆ, ಅದರಾಚೆಗೂ ಮೂರು ರಾತ್ರಿ ಅದೇ ವ್ಯಕ್ತಿಯ ಕೈಗೆ ಇನೋಟ್ರೋಪ್ ಪಂಪ್ ಒಪ್ಪಿಸುವುದನ್ನು ಸಮರ್ಥಿಸಲಾರೆ. ಐದನೆಯ ರಾತ್ರಿಯ ಸುಮಾರಿಗೆ ಅನಾರೋಗ್ಯದ ಫೋನ್‌ಗಳು ಬರಲು ಶುರುವಾದರೆ ಚಾರ್ಟೇ ಅದನ್ನು ತರಿಸುತ್ತಿದೆ ಎಂದು ತಿಳಿಯಿರಿ. ನಿಮ್ಮ ಸ್ಟಾಫ್ ಇದನ್ನೇ ಹಟಹಿಡಿದು ಕೇಳಿದರೆ ಏಳನ್ನು ನಾಲ್ಕಕ್ಕೆ ಇಳಿಸಿ, ಹಿಂದೆಯೇ ಮೂರು ಪೂರ್ತಿ ದಿನ ಬಿಡುವು ಕೊಡಿ. ಅದಕ್ಕಿಂತ ಹೆಚ್ಚಿಗೆ ಒಪ್ಪಬೇಡಿ.

ಎರಡೆರಡು: ಬೆಳಗ್ಗೆ, ಮಧ್ಯಾಹ್ನ, ರಾತ್ರಿ, ಆಫ್

ಎರಡು ಬೆಳಗ್ಗೆ, ಎರಡು ಮಧ್ಯಾಹ್ನ, ಎರಡು ರಾತ್ರಿ, ಎರಡು ಆಫ್. ಎಂಟು ದಿನದ ಚಕ್ರ, ಆರು ಶಿಫ್ಟ್, 48 ಗಂಟೆ. ವಾರಕ್ಕೆ ಇಳಿಸಿದರೆ ಸರಿಯಾಗಿ 42. ಎಂಟು ಜನರ ನಾಲ್ಕು ತಂಡಗಳನ್ನು ಎರಡೆರಡು ದಿನ ಹಿಂದೆ ಮುಂದೆ ನಿಲ್ಲಿಸಿದರೆ ಎಲ್ಲ ಶಿಫ್ಟ್‌ಗಳೂ ತುಂಬುತ್ತವೆ. ಇದರ ದೊಡ್ಡ ಗುಣ, ಚಕ್ರ ಯಾವಾಗಲೂ ಮುಂದಕ್ಕೇ ಸರಿಯುತ್ತದೆ. ಬೆಳಗ್ಗೆಯಿಂದ ಮಧ್ಯಾಹ್ನಕ್ಕೆ, ಮಧ್ಯಾಹ್ನದಿಂದ ರಾತ್ರಿಗೆ. ಹಾಗಾಗಿ ಆ ಎಂಟು ಗಂಟೆಯ ಮೋಸದ ಬಿಡುವು ಎಲ್ಲಿಯೂ ಬರುವುದಿಲ್ಲ. ಬೇಗ ಏಳುವುದಕ್ಕಿಂತ ತಡವಾಗಿ ಮಲಗುವುದು ಹೆಚ್ಚಿನವರ ದೇಹಕ್ಕೆ ಸುಲಭ, ಅದಕ್ಕೂ ಇದು ಹೊಂದುತ್ತದೆ. ಎರಡೇ ರಾತ್ರಿಯಾದ್ದರಿಂದ ನಿದ್ದೆಯ ಸಾಲ ಬೆಳೆಯುವ ಮೊದಲೇ ನೈಟ್ ಮುಗಿದಿರುತ್ತದೆ.

ಕೊರತೆ ಬಿಡುವಿನಲ್ಲಿದೆ. ಎರಡನೆಯ ನೈಟ್ ಮುಗಿದು ಮನೆಗೆ ಹೋಗುವುದು ಏಳನೆಯ ದಿನದ ಬೆಳಗ್ಗೆ. ಚಾರ್ಟ್‌ನಲ್ಲಿ ಆ ದಿನ ‘ಆಫ್’ ಎಂದಿದ್ದರೂ ಅದು ಮಲಗಿ ಕಳೆಯುವ ದಿನ. ನಿಜವಾಗಿ ಉಳಿಯುವುದು ಎಂಟು ದಿನಕ್ಕೆ ಒಂದೇ ದಿನ. ಶನಿವಾರ ಭಾನುವಾರ ಎರಡೂ ಬಿಡುವಾಗಿ ಸಿಗುವುದು ಎಂಟು ವಾರಕ್ಕೊಮ್ಮೆ. ದೂರದಿಂದ ಬರುವವರಿಗೆ ಎಂಟು ದಿನದಲ್ಲಿ ಆರು ಸಲದ ಓಡಾಟವೂ ಭಾರವೇ.

ಇನ್ನೊಂದು ಲೆಕ್ಕ ಹ್ಯಾಂಡೋವರ್‌ನದು. ಹೋಗುವವರೂ ಬರುವವರೂ ಅರ್ಧ ಗಂಟೆ ಒಟ್ಟಿಗಿರಬೇಕೆಂದರೆ ಎಂಟು ಜನಕ್ಕೆ ದಿನಕ್ಕೆ ನಾಲ್ಕು ಗಂಟೆ, ವಾರಕ್ಕೆ 28 ಗಂಟೆ, ಪ್ರತಿ ಹ್ಯಾಂಡೋವರ್‌ಗೆ. ಮೂರು ಶಿಫ್ಟ್ ಇರುವ ಕಡೆ ದಿನಕ್ಕೆ ಮೂರು ಹ್ಯಾಂಡೋವರ್, ಎರಡು ಶಿಫ್ಟ್ ಇರುವ ಕಡೆ ಎರಡು. ಈ ಒಂದು ಹೆಚ್ಚಿನ ಹ್ಯಾಂಡೋವರ್‌ಗೆ ರಜೆಯ ಪಾಲೂ ಸೇರಿ ಹತ್ತಿರ ಹತ್ತಿರ ಒಂದು ಹುದ್ದೆ ಖರ್ಚಾಗುತ್ತದೆ. ಮೇಲಿನ 39ರಲ್ಲಿ ಈ ಅರ್ಧ ಗಂಟೆಗಳು ಸೇರಿಲ್ಲ. ಬಹಳ ಕಡೆ ಅದನ್ನು ಎಲ್ಲಿಯೂ ಎಣಿಸುವುದೇ ಇಲ್ಲ, ನರ್ಸ್‌ಗಳು ತಮ್ಮ ಸಮಯದಿಂದ ಕೊಡುತ್ತಾರೆ. ಅದು ತಪ್ಪು.

ಹನ್ನೆರಡು ಗಂಟೆ: ಎರಡು ಹಗಲು, ಎರಡು ರಾತ್ರಿ, ನಾಲ್ಕು ಆಫ್

ಇದೂ ಎಂಟು ದಿನದ ಚಕ್ರವೇ, ಇಲ್ಲಿಯೂ ಅದೇ ನಾಲ್ಕು ತಂಡಗಳು, ಅದೇ 48 ಗಂಟೆ. ಆದರೆ ಬರಬೇಕಾದ್ದು ನಾಲ್ಕೇ ಸಲ. ಕೊನೆಯ ನೈಟ್ ಮುಗಿದ ಬೆಳಗ್ಗೆಯಿಂದ ಮುಂದಿನ ಹಗಲಿನ ಡ್ಯೂಟಿಯವರೆಗೆ 96 ಗಂಟೆ ಬಿಡುವು. ಒಂದು ದಿನ ಮಲಗಿ ಕಳೆದರೂ ಮೂರು ಕೈಗೆ ಉಳಿಯುತ್ತವೆ. ಎಂಟು ವಾರಗಳಲ್ಲಿ ಮೂರು ವಾರಾಂತ್ಯ ಸಿಗುತ್ತದೆ, ಅದರಲ್ಲಿ ಒಂದು ನೈಟ್ ಮುಗಿಸಿ ಬಂದ ಶನಿವಾರದಿಂದ ಶುರುವಾಗುವುದು.

ರಜೆಯ ವಿಷಯದಲ್ಲಿ ಇದರ ಬಲ ಇನ್ನೂ ಚೆನ್ನಾಗಿ ಕಾಣುತ್ತದೆ. ನಾಲ್ಕು ಶಿಫ್ಟ್‌ಗೆ ರಜೆ ಹಾಕಿದರೆ ಹಿಂದಿನ ನಾಲ್ಕು ಆಫ್, ಮುಂದಿನ ನಾಲ್ಕು ಆಫ್ ಸೇರಿ ಹನ್ನೆರಡು ದಿನ ಆಗುತ್ತದೆ. ಐದು ವಾರದ ವಾರ್ಷಿಕ ರಜೆ ಎಂದರೆ ಸುಮಾರು ಹದಿನೇಳು ಶಿಫ್ಟ್, ಅಂದರೆ ವರ್ಷಕ್ಕೆ ನಾಲ್ಕು ಬಾರಿ ಹನ್ನೆರಡು ದಿನ. ಎರಡೆರಡರ ಪದ್ಧತಿಯಲ್ಲಿ ಆರು ಶಿಫ್ಟ್ ಖರ್ಚು ಮಾಡಿದರೆ ಹತ್ತು ದಿನ. ಅಲ್ಲೂ ವರ್ಷಕ್ಕೆ ನಾಲ್ಕು ಬಾರಿ ಸಾಧ್ಯ, ಆದರೆ ಅದರಲ್ಲಿ ಮೊದಲ ದಿನ ನಿದ್ದೆಗೇ ಹೋಗುತ್ತದೆ.

ಇದರ ಬೆಲೆಯನ್ನು ಮುಚ್ಚಿಡಬಾರದು. 75 ರಾತ್ರಿ ಎರಡೂ ಕಡೆ ಒಂದೇ, ಆದರೆ ಎಂಟು ಗಂಟೆಯಲ್ಲಿ ಅದು 600 ರಾತ್ರಿ ಗಂಟೆ, ಇಲ್ಲಿ 900. ಅಮೆರಿಕದಲ್ಲಿ 393 ನರ್ಸ್‌ಗಳು ತಮ್ಮ ಶಿಫ್ಟ್ ಮತ್ತು ತಪ್ಪುಗಳನ್ನು ದಿನಚರಿಯಲ್ಲಿ ಬರೆದಿಟ್ಟ ಅಧ್ಯಯನವೊಂದು 2004ರಲ್ಲಿ ಪ್ರಕಟವಾಯಿತು. ಹನ್ನೆರಡೂವರೆ ಗಂಟೆ ಅಥವಾ ಹೆಚ್ಚು ದುಡಿದಾಗ ತಪ್ಪಾಗುವ ಸಾಧ್ಯತೆ ಮೂರು ಪಟ್ಟು ಎಂದು ಅದರಲ್ಲಿ ಕಂಡಿತು. ಆ ಹನ್ನೆರಡೂವರೆ ಎಲ್ಲಿಂದ ಬರುತ್ತದೆ ನೋಡಿ: ಹನ್ನೆರಡು ಗಂಟೆ, ಮೇಲೆ ಅರ್ಧ ಗಂಟೆ ಹ್ಯಾಂಡೋವರ್. ಹೀಗಾಗಿ ಈ ಪದ್ಧತಿ ಆರಿಸಿದರೆ ಎರಡು ಷರತ್ತು ಬಿಡಬೇಡಿ. ಹ್ಯಾಂಡೋವರನ್ನು ಹನ್ನೆರಡು ಗಂಟೆಯ ಒಳಗೇ ಮುಗಿಸುವಂತೆ ವೇಳೆ ಹೊಂದಿಸಿ. ನೈಟ್‌ನಲ್ಲಿ ರೋಗಿಯನ್ನು ಇನ್ನೊಬ್ಬರಿಗೆ ಒಪ್ಪಿಸಿ ಹೊರಗೆ ಹೋಗಿ ಕೂರುವ ಬಿಡುವು ಪ್ರತಿಯೊಬ್ಬರಿಗೂ ಸಿಗಲಿ. ಹಾಸಿಗೆಯ ಪಕ್ಕದ ಕುರ್ಚಿಯಲ್ಲಿ ಮಾನಿಟರ್ ನೋಡುತ್ತಾ ಚಹಾ ಕುಡಿದರೆ ಅದು ಬಿಡುವಲ್ಲ. ಹನ್ನೆರಡು ಗಂಟೆಯ ಶಿಫ್ಟ್‌ನ ಮೇಲೆ ಓವರ್‌ಟೈಮ್ ಹಾಕುವುದಂತೂ ಬೇಡವೇ ಬೇಡ. ಯಾರೋ ಬರಲಿಲ್ಲವೆಂದು ಇದ್ದವರನ್ನೇ ಇನ್ನು ನಾಲ್ಕು ಗಂಟೆ ನಿಲ್ಲಿಸಿಕೊಳ್ಳುವ ಅಭ್ಯಾಸ ನಿಮ್ಮಲ್ಲಿದ್ದರೆ, ಅದು ನಿಲ್ಲುವವರೆಗೆ ಎಂಟು ಗಂಟೆಯ ಶಿಫ್ಟ್‌ನಲ್ಲೇ ಇರಿ.

ಕಾಯಂ ನೈಟ್‌ನವರು

ಕೆಲವರು ತಾವಾಗಿಯೇ ನೈಟ್ ಕೇಳುತ್ತಾರೆ. 39ರಲ್ಲಿ ಎಂಟು ಜನ ಹನ್ನೆರಡು ಗಂಟೆಯ ನೈಟ್ ಮಾತ್ರ ಮಾಡಿದರೆ ಉಳಿದವರ ಪಾಲು 75ರಿಂದ ಸುಮಾರು 55ಕ್ಕೆ ಇಳಿಯುತ್ತದೆ. ಆಸೆ ಹುಟ್ಟಿಸುವ ಲೆಕ್ಕ. ಆದರೆ ದೇಹ ನೈಟ್‌ಗೆ ಒಗ್ಗಿಹೋಗುತ್ತದೆ ಎಂಬ ನಂಬಿಕೆಗೆ ಆಧಾರ ತೆಳು: ಕಾಯಂ ನೈಟ್ ಮಾಡುವವರಲ್ಲಿ ಪೂರ್ತಿ ಹೊಂದಿಕೊಂಡವರು ನೂರಕ್ಕೆ ಮೂರಕ್ಕಿಂತ ಕಡಿಮೆ ಎಂದು ಫೋಕಾರ್ಡ್ ಅವರ 2008ರ ವಿಮರ್ಶೆ ಹೇಳುತ್ತದೆ. ಜೊತೆಗೆ ಹಗಲಿನ ತರಬೇತಿ, ಹೊಸ ಪ್ರೋಟೋಕಾಲ್, ಹೊಸ ಯಂತ್ರ ಎಲ್ಲವೂ ಇವರಿಗೆ ತಡವಾಗಿ ತಲುಪುತ್ತವೆ. ಇಬ್ಬರು ಮೂವರಿಗೆ, ಎರಡು ತಿಂಗಳಿಗೊಮ್ಮೆ ಎರಡು ವಾರ ಹಗಲಿಗೆ ಬರಬೇಕು ಎಂಬ ಷರತ್ತಿನ ಮೇಲೆ ಒಪ್ಪಬಹುದು. ಇಡೀ ಚಾರ್ಟನ್ನು ಇದರ ಮೇಲೆ ಕಟ್ಟಬೇಡಿ.

ಎಂಟು ಹೆಸರಿದ್ದೂ ಎಂಟಿಲ್ಲದ ರಾತ್ರಿ

ಈಗ ಪಕ್ಕದಲ್ಲಿ ಯಾರು ಎಂಬ ಮಾತು. ನಾನು ಚಾರ್ಟ್ ಬರೆಯಲು ಆರಂಭಿಸಿದ ಕಾಲದ ಒಂದು ನೈಟ್ ಇನ್ನೂ ಕಣ್ಣಮುಂದಿದೆ. ಚಾರ್ಟ್‌ನಲ್ಲಿ ಎಂಟು ಹೆಸರಿತ್ತು, ಎಂಟೂ ಜನ ಬಂದಿದ್ದರು. ಬೆಳಗಿನ ಜಾವ ನಾಲ್ಕರ ಸುಮಾರಿಗೆ ಒಂದು ಹಾಸಿಗೆಯಲ್ಲಿ ನಿರಂತರ ಡಯಾಲಿಸಿಸ್ ಯಂತ್ರದ ಫಿಲ್ಟರ್ ಹೆಪ್ಪುಗಟ್ಟಲು ಶುರುವಾಯಿತು. ಅದನ್ನು ಕೈಯಾರೆ ನಿಭಾಯಿಸಬಲ್ಲವರು ಅಂದು ಇನ್‌ಚಾರ್ಜ್ ಒಬ್ಬರೇ. ಅವರು ಆ ಯಂತ್ರದ ಮುಂದೆ ನಿಂತರು. ಮೂರು ಹಾಸಿಗೆ ಆಚೆ ನಾರ್‌ಅಡ್ರಿನಲಿನ್ ಸಿರಿಂಜ್ ಮುಗಿಯುತ್ತಾ ಬಂದು ಪಂಪ್ ಎಚ್ಚರಿಕೆ ಕೊಟ್ಟಿತು. ಅಲ್ಲಿದ್ದ ಹೊಸ ಹುಡುಗಿ ಅಲಾರಂ ಅಡಗಿಸಿ, ಸಮಯವಿದೆ ಎಂದುಕೊಂಡು ಹೊಸ ಸಿರಿಂಜ್ ತಯಾರಿಸಲು ಹೋದಳು. ಈ ಔಷಧಿಗೆ ಮುಂಚೆಯೇ ಎರಡನೆಯ ಪಂಪ್‌ನಲ್ಲಿ ತುಂಬಿದ ಸಿರಿಂಜ್ ಸಿದ್ಧವಿರಬೇಕು ಎಂದು ಅವಳಿಗೆ ಯಾರೂ ಕಲಿಸಿರಲಿಲ್ಲ. ಅವಳು ಮರಳುವ ಹೊತ್ತಿಗೆ 65ಕ್ಕಿಂತ ಮೇಲಿರಬೇಕಾದ ಸರಾಸರಿ ರಕ್ತದೊತ್ತಡ 48ಕ್ಕೆ ಬಂದಿತ್ತು. ಇನ್‌ಚಾರ್ಜ್ ಓಡಿಬಂದು ಸರಿಪಡಿಸಿದರು, ರೋಗಿ ಉಳಿದರು. ಡಯಾಲಿಸಿಸ್ ಫಿಲ್ಟರ್ ಮಾತ್ರ ಹೋಯಿತು.

ತಪ್ಪು ಆ ಹುಡುಗಿಯದಲ್ಲ, ನನ್ನ ಚಾರ್ಟ್‌ನದು. ಮರುದಿನ ಹಿಂದಿರುಗಿ ನೋಡಿದೆ. ಸ್ಟಾಫನ್ನು ಮೂರು ದರ್ಜೆಯಾಗಿ ಎಣಿಸಿ: ಇನ್‌ಚಾರ್ಜ್ ಆಗಬಲ್ಲವರು ‘ಅ’, ವೆಂಟಿಲೇಟರ್ ಮತ್ತು ಡಯಾಲಿಸಿಸ್ ಯಂತ್ರವನ್ನು ಒಬ್ಬರೇ ನೋಡಿಕೊಳ್ಳಬಲ್ಲವರು ‘ಬ’, ಇನ್ನೂ ಕಲಿಯುತ್ತಿರುವವರು ‘ಕ’. ಆ ತಂಡದಲ್ಲಿ ಮೂಲತಃ ಇಬ್ಬರು ಅ, ಮೂವರು ಬ, ಮೂವರು ಕ ಇದ್ದರು. ಒಬ್ಬ ಅ ರಜೆಯಲ್ಲಿದ್ದರು, ಆ ಜಾಗಕ್ಕೆ ರಿಲೀಫ್‌ನಿಂದ ಬಂದವರು ಕ. ಒಬ್ಬ ಬ ಕಾಯಿಲೆ ಬಿದ್ದರು, ಮತ್ತೆ ರಿಲೀಫ್‌ನಿಂದ ಕ. ಇನ್ನೊಬ್ಬ ಬ ಮನೆಯ ಕೆಲಸಕ್ಕೆಂದು ಬೇರೆ ತಂಡದ ಕ ಜೊತೆ ಡ್ಯೂಟಿ ಬದಲಿಸಿಕೊಂಡಿದ್ದರು, ಸಹಿ ಹಾಕಿದ್ದು ನಾನೇ. ಒಂದೊಂದೂ ಸಣ್ಣ ಬದಲಾವಣೆ, ಕಡೆಗೆ ಉಳಿದದ್ದು ಒಬ್ಬ ಅ, ಒಬ್ಬ ಬ, ಆರು ಕ. ಆ ಒಬ್ಬ ಬ ಆ ಹೊತ್ತಿಗೆ ತನ್ನದೇ ವೆಂಟಿಲೇಟರ್ ರೋಗಿಯನ್ನು ಬಿಟ್ಟು ಕದಲುವಂತಿರಲಿಲ್ಲ.

ಅಲ್ಲಿಂದ ಎರಡು ನಿಯಮ ಹಾಕಿಕೊಂಡೆ. ಯಾವ ಪದ್ಧತಿಗಾದರೂ ಅವು ಹೊಂದುತ್ತವೆ. ಒಂದು, ರಿಲೀಫ್ ಗುಂಪಿಗೆ ಹೊಸಬರನ್ನು ತಳ್ಳಬಾರದು. ನಾಲ್ಕು ತಂಡಗಳ 32 ಜನ ಕಳೆದರೆ ಉಳಿಯುವ ಏಳು ಜನರೇ ರಿಲೀಫ್. ಯಾರ ಜಾಗಕ್ಕೆ ಹೋಗಬೇಕಾಗುತ್ತದೋ ಗೊತ್ತಿಲ್ಲದ್ದರಿಂದ ಅವರು ಯಾರ ಜಾಗದಲ್ಲಾದರೂ ನಿಲ್ಲಬಲ್ಲವರಾಗಿರಬೇಕು. ಆ ಏಳರಲ್ಲಿ ಇಬ್ಬರು ಅ, ನಾಲ್ವರು ಬ, ಹೆಚ್ಚೆಂದರೆ ಒಬ್ಬ ಕ. ಹೊಸಬರು ತಮಗೆ ಕಲಿಸುವವರ ತಂಡದಲ್ಲೇ, ಅವರ ಸಾಲಿನಲ್ಲೇ ಇರಲಿ. ಎರಡನೆಯದು, ಡ್ಯೂಟಿ ಬದಲಾವಣೆ ಒಂದೇ ದರ್ಜೆಯವರ ನಡುವೆ ಮಾತ್ರ. ಹೆಸರಿನ ಪಕ್ಕ ದರ್ಜೆಯ ಅಕ್ಷರ ಬರೆದಿಟ್ಟರೆ ತಪ್ಪಿದ್ದು ಒಂದೇ ನೋಟಕ್ಕೆ ಕಾಣುತ್ತದೆ. ಪ್ರತಿ ಶಿಫ್ಟ್‌ಗೂ ಕನಿಷ್ಠ ಒಬ್ಬ ಅ ರೋಗಿಯಿಲ್ಲದೆ ಇರಬೇಕು, ಅ ಮತ್ತು ಬ ಸೇರಿ ಅರ್ಧಕ್ಕಿಂತ ಕಡಿಮೆಯಾಗಬಾರದು. ಬ್ರಿಟನ್ನಿನ ಐಸಿಯು ಮಾನದಂಡವೂ ಕನಿಷ್ಠ ಅರ್ಧದಷ್ಟು ನರ್ಸ್‌ಗಳು ಐಸಿಯು ತರಬೇತಿ ಪಡೆದವರಾಗಿರಬೇಕು ಎನ್ನುತ್ತದೆ.

ರಜೆಗೂ ಈ ಏಳರಿಂದಲೇ ಜಾಗ ಹುಟ್ಟುತ್ತದೆ. 39 ಜನಕ್ಕೆ ಐದೈದು ವಾರ ಎಂದರೆ ಯಾವ ವಾರದಲ್ಲಾದರೂ ಸರಾಸರಿ ನಾಲ್ಕು ಜನ ವಾರ್ಷಿಕ ರಜೆಯಲ್ಲಿರುತ್ತಾರೆ. ಕಾಯಿಲೆ, ತರಬೇತಿಗೆ ಇನ್ನು ಮೂರು. ಹಾಗಾಗಿ ವರ್ಷದ ಆರಂಭದಲ್ಲೇ ಪ್ರತಿ ವಾರಕ್ಕೆ ನಾಲ್ಕು ರಜೆ ಜಾಗ ಎಂದು ಬರೆದು ಹಾಕಿ, ಒಂದು ತಂಡದಿಂದ ಒಬ್ಬರಂತೆ, ನಾಲ್ವರಲ್ಲಿ ಅ ದರ್ಜೆಯವರು ಒಬ್ಬರಿಗಿಂತ ಹೆಚ್ಚಿಲ್ಲದಂತೆ. ಎಲ್ಲರೂ ಬಯಸುವ ವಾರಗಳಿಗೆ ಸರದಿ ಇಡಿ, ಕಳೆದ ವರ್ಷ ಸಿಕ್ಕವರು ಈ ವರ್ಷ ಕೊನೆಗೆ. ಕೆಲವು ವಾರ ಎರಡೇ ರಜೆ, ಮತ್ತೆ ಕೆಲವು ವಾರ ಏಳು ಎಂದು ಬಿಟ್ಟರೆ ವರ್ಷದ ಕೊನೆಯಲ್ಲಿ ಬಾಕಿ ರಜೆಗಳೆಲ್ಲ ಒಟ್ಟಿಗೇ ಬಂದು ಕೂರುತ್ತವೆ.

ಹಾಗಾದರೆ ಯಾವುದು

39 ಜನ ಇದ್ದಾರೆ, ಹೆಚ್ಚಿನವರು ದೂರದಿಂದ ಬರುತ್ತಾರೆ, ಓವರ್‌ಟೈಮ್ ಅಭ್ಯಾಸವಿಲ್ಲ ಎಂದರೆ ನಾನು ಆರಿಸುವುದು ಹನ್ನೆರಡು ಗಂಟೆಯ ಎರಡು-ಎರಡು-ನಾಲ್ಕು. ಸ್ಟಾಫ್‌ನಲ್ಲಿ ವಯಸ್ಸಾದವರು, ಗರ್ಭಿಣಿಯರು, ಚಿಕ್ಕ ಮಕ್ಕಳಿರುವವರು ಬಹಳವಿದ್ದು ಮನೆ ಹತ್ತಿರವೇ ಇದ್ದರೆ ಎಂಟು ಗಂಟೆಯ ಎರಡೆರಡು, ಹೆಚ್ಚುವರಿ ಹ್ಯಾಂಡೋವರ್‌ನ ಒಂದು ಹುದ್ದೆಯನ್ನೂ ಕೇಳಿ ಪಡೆದುಕೊಂಡು. ಎರಡನ್ನೂ ಬೆರೆಸುವಾಗ ಜಾಗ್ರತೆ: ಎಂಟು ಗಂಟೆಯವರು ಹನ್ನೆರಡು ಗಂಟೆಯ ಶಿಫ್ಟ್‌ಗೆ ಬಂದರೆ ನಾಲ್ಕು ಗಂಟೆಯ ಬಿರುಕು ಉಳಿಯುತ್ತದೆ. ಅದನ್ನು ಯಾರು ತುಂಬುತ್ತಾರೆ ಎಂದು ಮೊದಲೇ ಬರೆದಿರಬೇಕು. ಎಂಟು ದಿನದ ಚಕ್ರ ವಾರದ ಏಳು ದಿನಕ್ಕೆ ಹೊಂದುವುದಿಲ್ಲ ಎಂಬುದೂ ನೆನಪಿರಲಿ. ಪ್ರತಿ ವಾರ ಅದೇ ದಿನ ಬಿಡುವು ಬೇಕಾದವರನ್ನು, ಉದಾಹರಣೆಗೆ ಕೋರ್ಸ್ ಓದುತ್ತಿರುವವರನ್ನು, ರಿಲೀಫ್ ಸಾಲಿಗೆ ತರುವುದು ಸುಲಭ, ಅವರು ಅ ಅಥವಾ ಬ ಆಗಿದ್ದರೆ.

39ರ ಬದಲು 34 ಜನ ಮಾತ್ರ ಇದ್ದರೆ? ರಜೆ ಕಳೆದು ಕೈಗೆ ಸಿಗುವವರು 28. ನಾಲ್ಕು ಜನರ ಕೆಲಸ ಕಡಿಮೆ ಬೀಳುತ್ತದೆ, ಅಂದರೆ ವಾರಕ್ಕೆ ಸುಮಾರು ಹದಿನಾಲ್ಕು ಹನ್ನೆರಡು ಗಂಟೆಯ ಶಿಫ್ಟ್. ವಾರದಲ್ಲಿ ಇರುವ ಶಿಫ್ಟ್‌ಗಳೂ ಹದಿನಾಲ್ಕೇ. ಅಂದರೆ ವರ್ಷವಿಡೀ ಪ್ರತಿ ಶಿಫ್ಟ್‌ನಲ್ಲೂ ಒಬ್ಬರು ಕಡಿಮೆ. ಯಾವ ಪದ್ಧತಿಯೂ ಇದನ್ನು ತುಂಬದು. ರಜೆ ನಿರಾಕರಿಸಿ ಅಥವಾ ಡಬಲ್ ಡ್ಯೂಟಿ ಹಾಕಿ ಮುಚ್ಚುವ ಬದಲು ಈ ಲೆಕ್ಕವನ್ನೇ ಕಾಗದದ ಮೇಲೆ ಬರೆದು ಆಡಳಿತದ ಮುಂದಿಡಿ: ಐದು ಹುದ್ದೆ ಕೊಡಿ, ಇಲ್ಲವೇ ಒಬ್ಬ ನರ್ಸ್‌ನ ಹೊಣೆಯಷ್ಟು ಹಾಸಿಗೆ ಮುಚ್ಚಿ. ಅಂದರೆ ವೆಂಟಿಲೇಟರ್ ಹಾಸಿಗೆ ಒಂದು, ಇಲ್ಲವೇ ಉಳಿದವುಗಳಲ್ಲಿ ಎರಡು.

ಬದಲಾಯಿಸುವುದಾದರೆ 56 ದಿನ ನಡೆಸಿ ನೋಡಿ. ಅಷ್ಟರಲ್ಲಿ ಚಕ್ರ ಏಳು ಸಲ ತಿರುಗಿ ಪ್ರತಿ ತಂಡಕ್ಕೂ ಪ್ರತಿ ವಾರದ ದಿನ ಸಿಕ್ಕಿರುತ್ತದೆ. ಆ ಅವಧಿಯಲ್ಲಿ ಮೂರನ್ನು ಮಾತ್ರ ಎಣಿಸಿ. ಇನ್‌ಚಾರ್ಜ್ ರೋಗಿಯನ್ನು ತೆಗೆದುಕೊಳ್ಳಬೇಕಾಗಿ ಬಂದ ಶಿಫ್ಟ್‌ಗಳು, 11 ಗಂಟೆಗಿಂತ ಕಡಿಮೆ ಬಿಡುವಿನಲ್ಲಿ ಮರಳಿ ಬಂದವರು, ಮತ್ತು ನೈಟ್‌ನ ಕೊನೆಯ ದಿನ ಬಂದ ಅನಾರೋಗ್ಯದ ಫೋನ್‌ಗಳು. ಬದಲಾಯಿಸುವ ಮೊದಲಿನ 56 ದಿನಗಳ ಲೆಕ್ಕವನ್ನೂ ಹಳೆಯ ಚಾರ್ಟ್‌ನಿಂದ ತೆಗೆದಿಟ್ಟುಕೊಂಡಿರಿ.